ಕಂಪನಿ ಮುಳುಗಿತು ಅನ್ನೋ ಫಾರ್ವರ್ಡ್ ಬಂದಿದೆಯಾ? ಸುದ್ದಿ ಮಾಡುವ ಮುನ್ನ ಹೀಗೆ ಪರಿಶೀಲಿಸಿ

ದಾವಣಗೆರೆ, ಚಿತ್ರದುರ್ಗದ ತಾಲ್ಲೂಕು ವರದಿಗಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಸರ್, ಈ ಕಂಪನಿ ಬಗ್ಗೆ ಮೆಸೇಜ್ ಓಡಾಡ್ತಿದೆ. ಸರ್ಕಾರಿ ವೆಬ್‌ಸೈಟಿನ ಸ್ಕ್ರೀನ್‌ಶಾಟ್ ಕೂಡ ಇದೆ. ಹಾಕಬಹುದಾ?"

ಸ್ಕ್ರೀನ್‌ಶಾಟ್ ಅಸಲಿಯೇ ಇರಬಹುದು. ಆದರೆ ಅದು ಅದೇ ಕಂಪನಿಯದ್ದಾ? ಕಂಪನಿ ಸುದ್ದಿಗಳಲ್ಲಿ ಎಡವುವುದು ಜಾಸ್ತಿ ಇಲ್ಲೇ. ಸುಳ್ಳು ದಾಖಲೆಗಿಂತ, ಬೇರೆಯವರ ನಿಜವಾದ ದಾಖಲೆಯೇ ನಮ್ಮನ್ನು ಹೆಚ್ಚು ಕೆಡಿಸುತ್ತದೆ. ಹಾಗಾಗಿ ಸುದ್ದಿ ನಿಜವೋ ಸುಳ್ಳೋ ಅನ್ನುವುದು ಎರಡನೇ ಪ್ರಶ್ನೆ. ಮೊದಲು ಇದು ಯಾರ ಬಗ್ಗೆ ಅಂತ ಪಕ್ಕಾ ಮಾಡಿಕೊಳ್ಳಬೇಕು.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ಇಂಥ ಹಲವು ಮೆಸೇಜ್‌ಗಳ ಅಚ್ಚಿನಲ್ಲಿ ನಾನೇ ಕಟ್ಟಿದ್ದು, ಯಾವ ನಿಜ ಕಂಪನಿಯದ್ದೂ ಅಲ್ಲ.

"ತುರ್ತು ಗಮನಕ್ಕೆ! ದಾವಣಗೆರೆಯ ಶ್ರೀ … ಆಗ್ರೋ ಕಂಪನಿ ಬಂದ್! ಕೇಂದ್ರ ಸರ್ಕಾರ ಲೈಸೆನ್ಸ್ ರದ್ದು ಮಾಡಿದೆ. 10 ಕೋಟಿ ಸಾಲ ಮಾಡಿ ಮಾಲೀಕ ಪರಾರಿ. ಮೆಕ್ಕೆಜೋಳ ಕೊಟ್ಟ ರೈತರು ಕೂಡಲೇ ದುಡ್ಡು ಕೇಳಿ. ಎಲ್ಲಾ ಗ್ರೂಪಿಗೂ ಕಳಿಸಿ."

ಜೊತೆಗೆ ಒಂದು ಚಿತ್ರ. ಅದರಲ್ಲಿ `Strike Off` ಅನ್ನೋ ಪದಕ್ಕೆ ಯಾರೋ ಕೆಂಪು ಸುತ್ತು ಹಾಕಿದ್ದಾರೆ.

ಏನೇನು ಬೇಕು? ಇಂಟರ್‌ನೆಟ್ ಇರುವ ಕಂಪ್ಯೂಟರ್ (ಮೊಬೈಲಿನಲ್ಲೂ ಆಗುತ್ತದೆ, ಸ್ವಲ್ಪ ಪರದಾಟ), ಒಂದು ಇಮೇಲ್, ಆ ಕಂಪನಿ ಜೊತೆ ವ್ಯವಹಾರ ಮಾಡಿದ ಒಬ್ಬ ರೈತ ಅಥವಾ ವರ್ತಕ, ಮತ್ತು ಒಂದು ದಿನದ ಪುರುಸೊತ್ತು. ಕಂಪನಿಯ ಲೆಕ್ಕಪತ್ರ ತೆಗೆಸಬೇಕಾದರೆ ₹100 ಶುಲ್ಕ. ಉಳಿದದ್ದೆಲ್ಲ ಉಚಿತ.

1. ಮೆಸೇಜನ್ನು ಬಿಡಿಸಿ

ಇದು ಒಂದು ಸುದ್ದಿಯಲ್ಲ, ನಾಲ್ಕು. ಕಂಪನಿ ಬಂದ್ ಆಗಿದೆ. ಸರ್ಕಾರ ಏನನ್ನೋ ರದ್ದು ಮಾಡಿದೆ. 10 ಕೋಟಿ ಸಾಲ ಇದೆ. ಮಾಲೀಕ ಓಡಿಹೋಗಿದ್ದಾನೆ. ಬಂದ್ ಆಗಿದೆಯಾ ಅಂತ ಗೊತ್ತಾಗುವುದು ಗೇಟಿನ ಹತ್ತಿರ. ರದ್ದು ಮತ್ತು ಸಾಲದ ವಿಷಯ ದಾಖಲೆಯಲ್ಲಿ ಸಿಗುತ್ತದೆ. ಪರಾರಿ ಅನ್ನೋ ಮಾತಿಗೆ ಪೊಲೀಸ್ ಠಾಣೆಗೇ ಹೋಗಬೇಕು. ಒಂದು ನಿಜವಾದರೆ ಉಳಿದ ಮೂರೂ ನಿಜ ಅಂದುಕೊಳ್ಳುವಂತಿಲ್ಲ. ನಾಲ್ಕನ್ನೂ ಹಾಳೆಯಲ್ಲಿ ಬೇರೆ ಬೇರೆ ಬರೆದು, ಪಕ್ಕದಲ್ಲಿ ಜಾಗ ಬಿಡಿ.

2. ಹೆಸರು ಬಿಡಿ, ನಂಬರ್ ಹುಡುಕಿ

ನಮ್ಮ ಕಡೆ ಅಂಗಡಿ, ಮಿಲ್ಲು, ಮಂಡಿಗಳಲ್ಲಿ ಅರ್ಧಕ್ಕರ್ಧ ದೇವರ ಹೆಸರಿನವೇ. ಒಂದೇ ದೇವರ ಹೆಸರಲ್ಲಿ ಟ್ರೇಡರ್ಸ್, ಆಗ್ರೋ, ಇಂಡಸ್ಟ್ರೀಸ್, ಎಂಟರ್‌ಪ್ರೈಸಸ್ ಎಲ್ಲಾ ಇರುತ್ತವೆ. ಮಾಲೀಕರು ಬೇರೆ ಬೇರೆ, ಊರು ಬೇರೆ ಬೇರೆ. ಆದ್ದರಿಂದ ಹೆಸರಿನ ಮೇಲೆ ಏನನ್ನೂ ಕಟ್ಟಬೇಡಿ.

ಕಂಪನಿಗೆ ಮಾಲು ಕೊಟ್ಟ ರೈತರ ಹತ್ತಿರ ಹೋಗಿ ಬಿಲ್ಲು, ತೂಕದ ಚೀಟಿ ಕೇಳಿ. ಅವು ಇಲ್ಲದಿದ್ದರೆ ಬ್ಯಾಂಕ್ ಪಾಸ್‌ಬುಕ್ ನೋಡಿ. ದುಡ್ಡು ಖಾತೆಗೆ ಬಂದಿದ್ದರೆ, ಕಳಿಸಿದವರ ಖಾತೆಯ ಹೆಸರು ಆ ಸಾಲಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಬೋರ್ಡಿನ ಮೇಲಿನ ಹೆಸರಿಗೂ ಖಾತೆಯ ಹೆಸರಿಗೂ ವ್ಯತ್ಯಾಸ ಇರುವುದು ಇಲ್ಲೇ ಕಣ್ಣಿಗೆ ಬೀಳುತ್ತದೆ.

ಕಾಗದದಲ್ಲಿ ಎರಡು ನಂಬರ್ ಹುಡುಕಿ. ಒಂದು ಸಿಐಎನ್, ಅಂದರೆ ಕಂಪನಿ ನೋಂದಣಿಯಾದಾಗ ಸಿಗುವ 21 ಅಕ್ಷರ-ಅಂಕಿಗಳ ಗುರುತು. ಕಂಪನಿ ಕಾಯ್ದೆ 2013ರ ಸೆಕ್ಷನ್ 12ರ ಪ್ರಕಾರ ಬಿಲ್ಲು ಮತ್ತು ಲೆಟರ್‌ಹೆಡ್ ಮೇಲೆ ಇದನ್ನು ಅಚ್ಚು ಹಾಕಲೇಬೇಕು. ಇನ್ನೊಂದು ಜಿಎಸ್‌ಟಿ ನಂಬರ್. ಇದು 15 ಅಕ್ಷರ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಆಮೇಲಿನ ಹತ್ತು ಅಕ್ಷರ ಆ ಸಂಸ್ಥೆಯ ಪ್ಯಾನ್ ನಂಬರ್.

ಜಿಎಸ್‌ಟಿ ನಂಬರಿನ ಆರನೇ ಅಕ್ಷರ ನೋಡಿ. `C` ಇದ್ದರೆ ಕಂಪನಿ. `F` ಇದ್ದರೆ ಪಾಲುದಾರಿಕೆ ಸಂಸ್ಥೆ ಅಥವಾ ಎಲ್‌ಎಲ್‌ಪಿ. ಎಲ್‌ಎಲ್‌ಪಿ ಅಂದರೆ ಪಾಲುದಾರರ ಹೊಣೆ ಅವರ ಪಾಲಿಗಷ್ಟೇ ಸೀಮಿತವಾಗಿರುವ ಸಂಸ್ಥೆ. `P` ಇದ್ದರೆ ಒಬ್ಬ ವ್ಯಕ್ತಿಯ ಸ್ವಂತ ವ್ಯಾಪಾರ. ಊರಲ್ಲಿ ಜನ ಎಲ್ಲವನ್ನೂ ಕಂಪನಿ ಅಂತಲೇ ಕರೆಯುತ್ತಾರೆ. ಆದರೆ ಸ್ವಂತ ವ್ಯಾಪಾರ ಮತ್ತು ಸಾದಾ ಪಾಲುದಾರಿಕೆ ಕಂಪನಿ ಇಲಾಖೆಯ ಪಟ್ಟಿಯಲ್ಲಿ ಇರುವುದೇ ಇಲ್ಲ. ಬಿಲ್ಲಿನಲ್ಲಿ `P` ಇದ್ದು, ಫಾರ್ವರ್ಡ್‌ನಲ್ಲಿ ಕಂಪನಿ ಇಲಾಖೆಯ ಸ್ಕ್ರೀನ್‌ಶಾಟ್ ಇದ್ದರೆ, ಅದು ಆ ವ್ಯಾಪಾರದ ದಾಖಲೆ ಆಗಿರಲು ಸಾಧ್ಯವೇ ಇಲ್ಲ.

ಇನ್ನು `www.gst.gov.in` ತೆರೆದು, `Search Taxpayer` ಭಾಗದಲ್ಲಿ ನಂಬರ್ ಹಾಕಿ. ಲಾಗಿನ್ ಬೇಡ. ಕಾನೂನುಬದ್ಧ ಹೆಸರು, ವ್ಯಾಪಾರದ ಹೆಸರು, ಯಾವ ಬಗೆಯ ಸಂಸ್ಥೆ, ನೋಂದಣಿ ಚಾಲ್ತಿಯಲ್ಲಿದೆಯಾ, ಎಲ್ಲವೂ ಕಾಣುತ್ತದೆ. ನಮ್ಮ ಉದಾಹರಣೆಯಲ್ಲಿ ಆರನೇ ಅಕ್ಷರ `C`, ಸ್ಥಿತಿ `Active`, ಹೆಸರಿನ ಕೊನೆಗೆ ಪ್ರೈವೇಟ್ ಲಿಮಿಟೆಡ್ ಬಂತು ಅಂತಿಟ್ಟುಕೊಳ್ಳಿ.

ಇಲ್ಲಿ ಎಡವುವ ಜಾಗ ಎರಡು. ಜಿಎಸ್‌ಟಿ ನಂಬರ್ ಇಲ್ಲ ಅಂದ ಮಾತ್ರಕ್ಕೆ ನಕಲಿ ಅನ್ನಬೇಡಿ. ದೊಡ್ಡ ಚೀಲಗಳಲ್ಲಿ, ಲೇಬಲ್ ಇಲ್ಲದೆ ಮಾರುವ ಮೆಕ್ಕೆಜೋಳಕ್ಕೆ ಜಿಎಸ್‌ಟಿ ಇಲ್ಲ. ತೆರಿಗೆ ಇಲ್ಲದ ಮಾಲು ಮಾತ್ರ ಮಾರುವವರು ನೋಂದಣಿ ಮಾಡಿಸಬೇಕಾಗಿಯೂ ಇಲ್ಲ. ಇನ್ನು ನೋಂದಣಿ `Cancelled` ಅಂತ ಬಂದರೆ ಮೋಸ ಸಾಬೀತಾಯಿತು ಅಂತಲೂ ಅಲ್ಲ. ವ್ಯಾಪಾರಿಯೇ ಅರ್ಜಿ ಹಾಕಿ ರದ್ದು ಮಾಡಿಸಿರಬಹುದು, ರಿಟರ್ನ್ ಸಲ್ಲಿಸದ್ದಕ್ಕೆ ಅಧಿಕಾರಿಯೇ ರದ್ದು ಮಾಡಿರಬಹುದು. ಎರಡರಲ್ಲಿ ಯಾವುದು ಅಂತ ಅಲ್ಲೇ ಬರೆದಿರುತ್ತದೆ, ಓದಿ.

3. ಸ್ಕ್ರೀನ್‌ಶಾಟನ್ನು ಮೂಲದ ಜೊತೆ ತಾಳೆ ನೋಡಿ

ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣ `www.mca.gov.in`. ಅದರಲ್ಲಿ `MCA Services` ಮೆನುವಿನೊಳಗೆ `Master Data` ಭಾಗಕ್ಕೆ ಹೋಗಿ. ಲಾಗಿನ್ ಕೇಳಿದರೆ ಇಮೇಲ್ ಕೊಟ್ಟು ಉಚಿತವಾಗಿ ಖಾತೆ ಮಾಡಿಕೊಳ್ಳಿ. ಗೂಗಲ್‌ನಲ್ಲಿ ಮೊದಲು ಸಿಗುವ ಖಾಸಗಿ ತಾಣಗಳು ಇದೇ ಮಾಹಿತಿಯನ್ನು ನಕಲು ಮಾಡಿ ಇಟ್ಟುಕೊಂಡಿರುತ್ತವೆ. ಹುಡುಕಾಟ ಶುರು ಮಾಡಲು ಅವು ಸಾಕು, ಸಾಕ್ಷಿಯಾಗಿ ಬಳಸಲು ಸಾಲದು. ಅವುಗಳ ನಕಲು ಯಾವ ದಿನದ್ದು ಅನ್ನೋದೇ ಗೊತ್ತಾಗುವುದಿಲ್ಲ.

ಹೆಸರಿನಿಂದ ಹುಡುಕುವಾಗ ಒಂದು ಕಿರಿಕಿರಿ ಇದೆ. ಅಲ್ಲಿರುವುದು ಇಂಗ್ಲಿಷ್ ಕಾಗುಣಿತ. ನಮ್ಮ 'ಶ್ರೀ' ಒಂದೇ, ಅಲ್ಲಿ `Sri`, `Shri`, `Shree`, `Sree` ನಾಲ್ಕೂ ಇವೆ. ನಾಲ್ಕನ್ನೂ ಹಾಕಿ ನೋಡಬೇಕು. ಒಂದು ಕಾಗುಣಿತದಲ್ಲಿ ಸಿಗಲಿಲ್ಲ ಅಂತ "ಇಂಥ ಕಂಪನಿಯೇ ಇಲ್ಲ" ಅಂತ ಬರೆದರೆ ಮುಗೀತು.

ನಮ್ಮ ಉದಾಹರಣೆಯಲ್ಲಿ ಹೀಗೆ ಹುಡುಕಿದಾಗ ಎರಡು ಕಂಪನಿ ಸಿಕ್ಕವು ಅಂತಿಟ್ಟುಕೊಳ್ಳೋಣ. ಸಿಐಎನ್ ಹೀಗಿವೆ (ಬೇಡದ ಅಂಕಿಗಳನ್ನು ಮುಚ್ಚಿದ್ದೇನೆ):

```
U*****KA2009PTC******
U*****KA2016PTC******
```

ಇದನ್ನು ಓದುವುದು ಕಷ್ಟವೇನಲ್ಲ. ಮೊದಲ `U` ಅಂದರೆ ಷೇರುಪೇಟೆಯಲ್ಲಿ ಇಲ್ಲದ ಕಂಪನಿ, ಷೇರುಪೇಟೆಯಲ್ಲಿದ್ದರೆ `L` ಇರುತ್ತದೆ. ಆಮೇಲಿನ ಐದು ಅಂಕಿ ಯಾವ ಉದ್ಯಮ ಅನ್ನೋದರ ಸಂಕೇತ. `KA` ಕರ್ನಾಟಕ. ನಾಲ್ಕು ಅಂಕಿ ಕಂಪನಿ ಹುಟ್ಟಿದ ವರ್ಷ. `PTC` ಅಂದರೆ ಪ್ರೈವೇಟ್ ಕಂಪನಿ. ಕೊನೆಯ ಆರು ಅಂಕಿ ನೋಂದಣಿ ಸಂಖ್ಯೆ. ಉದ್ಯಮದ ಸಂಕೇತವನ್ನು ಜಾಸ್ತಿ ನಂಬಬೇಡಿ. ಅದು ನೋಂದಣಿ ದಿನ ಬರೆದುಕೊಟ್ಟದ್ದು, ಈಗ ಕಂಪನಿ ಬೇರೇನೋ ಮಾಡುತ್ತಿರಬಹುದು.

ಈಗ ಫಾರ್ವರ್ಡ್ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಸಿಐಎನ್ ಸಾಲನ್ನು ಕತ್ತರಿಸಿದ್ದರೆ ಅಲ್ಲೇ ಅನುಮಾನ ಪಡಿ. ನಂಬರ್ ಇಲ್ಲದಿದ್ದರೂ ನೋಂದಣಿ ದಿನಾಂಕ, ವಿಳಾಸ, ಇಮೇಲ್‌ನ ತುಣುಕು ಉಳಿದಿರುತ್ತದೆ. ನಮ್ಮ ಚಿತ್ರದಲ್ಲಿ ನೋಂದಣಿ ವರ್ಷ 2009, ವಿಳಾಸ ಬೆಂಗಳೂರು. ರೈತರ ಬಿಲ್ಲಿನ ಮೇಲಿದ್ದದ್ದು 2016ರ ಕಂಪನಿ, ವಿಳಾಸ ದಾವಣಗೆರೆ. ಹೆಸರಲ್ಲಿ ವ್ಯತ್ಯಾಸ ಒಂದೇ ಪದ.

ಇಲ್ಲಿಗೆ 'ಸರ್ಕಾರ ರದ್ದು ಮಾಡಿದೆ' ಅನ್ನೋ ಮಾತು ಬಿದ್ದುಹೋಯಿತು. ಸ್ಕ್ರೀನ್‌ಶಾಟ್ ಅಸಲಿ, ಆದರೆ ಬೇರೆ ಕಂಪನಿಯದ್ದು. ಬೆಂಗಳೂರಿನ ಆ ಕಂಪನಿಯ ನಿರ್ದೇಶಕರೇ ಇಲ್ಲೂ ಇದ್ದಾರಾ ಅಂತ ಒಮ್ಮೆ ನೋಡಿಬಿಡಿ. ಹಾಗೆ ಇದ್ದರೆ ಅದು ಇನ್ನೊಂದು ಸುದ್ದಿ. ಆದರೆ ಹೆಸರು ಹೊಂದಿದರೆ ಸಾಲದು. ನಿರ್ದೇಶಕರಿಗೆ ಡಿಐಎನ್ ಅನ್ನುವ ಎಂಟು ಅಂಕಿಯ ಗುರುತು ಇರುತ್ತದೆ, ಅದು ಹೊಂದಬೇಕು. ನಮ್ಮಲ್ಲಿ ಒಂದೇ ಹೆಸರಿನ ಮಂಜುನಾಥರು ಎಷ್ಟು ಜನ ಇಲ್ಲ ಹೇಳಿ?

4. ಸ್ಥಿತಿ ಅನ್ನೋ ಸಾಲನ್ನು ಸರಿಯಾಗಿ ಓದಿ

ಸ್ಕ್ರೀನ್‌ಶಾಟ್ ಅದೇ ಕಂಪನಿಯದ್ದೇ ಆಗಿದ್ದರೂ `Strike Off` ಅಂದರೆ 'ಲೈಸೆನ್ಸ್ ರದ್ದು' ಅಲ್ಲ. ಕಂಪನಿಗಳ ರಿಜಿಸ್ಟ್ರಾರ್ ಆ ಹೆಸರನ್ನು ತಮ್ಮ ಪುಸ್ತಕದಿಂದ ತೆಗೆದಿದ್ದಾರೆ ಅಂತ ಅರ್ಥ. ಸೆಕ್ಷನ್ 248ರ ಪ್ರಕಾರ, ಎರಡು ವರ್ಷ ವ್ಯವಹಾರವೇ ನಡೆಸದ ಕಂಪನಿಯನ್ನು ಹೀಗೆ ತೆಗೆಯಬಹುದು. ಕಂಪನಿಯೇ ಅರ್ಜಿ ಹಾಕಿ ತೆಗೆಸಿಕೊಳ್ಳಲೂಬಹುದು. 2017ರಲ್ಲಿ ಕೇಂದ್ರ ಸರ್ಕಾರ ಒಂದೇ ಅಭಿಯಾನದಲ್ಲಿ 2 ಲಕ್ಷಕ್ಕೂ ಜಾಸ್ತಿ ಕಂಪನಿಗಳನ್ನು ಪಟ್ಟಿಯಿಂದ ತೆಗೆಯಿತು. ಅವುಗಳ ದಾಖಲೆ ಇವತ್ತಿಗೂ ತಾಣದಲ್ಲಿದೆ, ಹುಡುಕಿದವರಿಗೆ ಸಿಗುತ್ತದೆ. ಹಳೆಯ ರದ್ದತಿ ಹೊಸ ಸುದ್ದಿಯ ವೇಷ ಹಾಕಿ ಬರುವುದು ಹೀಗೆ. `Converted to LLP`, `Amalgamated` ಅಂತ ಇದ್ದರಂತೂ ಕಂಪನಿ ಮುಚ್ಚಿಲ್ಲ, ರೂಪ ಬದಲಿಸಿದೆ ಅಥವಾ ಇನ್ನೊಂದರಲ್ಲಿ ಸೇರಿದೆ ಅಷ್ಟೇ.

ಇದರ ಉಲ್ಟಾ ತಪ್ಪೂ ಆಗುತ್ತದೆ. `Active` ಅಂತ ಬಂದರೆ "ಕಂಪನಿ ಚೆನ್ನಾಗಿದೆ, ಮೆಸೇಜ್ ಸುಳ್ಳು" ಅಂತ ಫ್ಯಾಕ್ಟ್‌ಚೆಕ್ ಹಾಕಿಬಿಡುತ್ತಾರೆ. ನಿನ್ನೆ ರಾತ್ರಿ ಗೇಟಿಗೆ ಬೀಗ ಬಿದ್ದ ಕಂಪನಿಯೂ ಇವತ್ತು ಅಲ್ಲಿ `Active` ಆಗಿಯೇ ಇರುತ್ತದೆ. ಆ ಸಾಲು ಹೇಳುವುದು ನೋಂದಣಿಯ ಸ್ಥಿತಿಯನ್ನು, ಗೋದಾಮಿನ ಸ್ಥಿತಿಯನ್ನಲ್ಲ.

ಕೊನೆಯ ಬ್ಯಾಲೆನ್ಸ್ ಶೀಟ್ ಯಾವ ವರ್ಷದ್ದು ಅಂತಲೂ ಅಲ್ಲೇ ಇದೆ. ಮಾರ್ಚ್ 31ಕ್ಕೆ ಮುಗಿದ ವರ್ಷದ ವಾರ್ಷಿಕ ಸಭೆಗೆ ಸೆಪ್ಟೆಂಬರ್ 30ರವರೆಗೆ ಸಮಯ. ಲೆಕ್ಕ ಸಲ್ಲಿಸಲು ಅಲ್ಲಿಂದ ಇನ್ನೂ 30 ದಿನ. ಅಂದರೆ ಜುಲೈನಲ್ಲಿ ನೋಡಿ "ಈ ವರ್ಷದ ಲೆಕ್ಕವನ್ನೇ ಕೊಟ್ಟಿಲ್ಲ" ಅಂತ ಬರೆಯುವಂತಿಲ್ಲ. ಮೂರು ನಾಲ್ಕು ವರ್ಷದಿಂದ ಏನೂ ಸಲ್ಲಿಸಿಲ್ಲ ಅಂದರೆ ಬರೆಯಬಹುದು. ಆಗಲೂ ಲೆಕ್ಕ ಸಲ್ಲಿಸಿಲ್ಲ ಅಂತ ಬರೆಯಿರಿ, ಮೋಸ ಅಂತಲ್ಲ.

5. ಆ 10 ಕೋಟಿ ಎಲ್ಲಿಂದ ಬಂತು?

ಫಾರ್ವರ್ಡ್‌ನಲ್ಲಿ ದೊಡ್ಡ ಮೊತ್ತ ಇದ್ದರೆ, ಅದು ಹುಟ್ಟಿದ ಜಾಗ ಹುಡುಕಿ. ಸಾಮಾನ್ಯವಾಗಿ ಇದೇ ಮಾಸ್ಟರ್ ಡೇಟಾದಲ್ಲಿ ಸಿಗುತ್ತದೆ.

ಮೊದಲು ಬಂಡವಾಳದ ಎರಡು ಸಾಲು ನೋಡಿ. `Authorised Capital` ಅಂದರೆ ಇಷ್ಟರವರೆಗೆ ಷೇರು ಕೊಡಬಹುದು ಅನ್ನೋ ಮಿತಿ. `Paid up Capital` ಅಂದರೆ ನಿಜವಾಗಿ ಷೇರುದಾರರು ಹಾಕಿದ ಬಂಡವಾಳ. ಮಿತಿ 10 ಕೋಟಿ ಇದ್ದು, ಹಾಕಿದ್ದು 1 ಲಕ್ಷ ಇರಬಹುದು. ಹೊಗಳುವ ಫಾರ್ವರ್ಡ್‌ಗಳು ಮೊದಲನೆಯದನ್ನು ಎತ್ತಿಕೊಂಡು "10 ಕೋಟಿ ಕಂಪನಿ" ಅನ್ನುತ್ತವೆ.

ತೆಗಳುವ ಫಾರ್ವರ್ಡ್‌ಗಳು ಎತ್ತಿಕೊಳ್ಳುವುದು `Charges` ಪಟ್ಟಿಯನ್ನು. ಕಂಪನಿ ತನ್ನ ಜಾಗ, ಯಂತ್ರ ಅಥವಾ ದಾಸ್ತಾನನ್ನು ಅಡವಿಟ್ಟು ಬ್ಯಾಂಕ್ ಸಾಲ ತೆಗೆದರೆ, ಅದನ್ನು 'ಚಾರ್ಜ್' ಅಂತ ದಾಖಲಿಸಬೇಕು. ಮೆಕ್ಕೆಜೋಳ ಕೊಳ್ಳುವವರಿಗೆ ಸುಗ್ಗಿಯಲ್ಲಿ ಒಮ್ಮೆಗೇ ದುಡ್ಡು ಬೇಕು, ಹಾಗಾಗಿ ದಾಸ್ತಾನಿನ ಮೇಲೆ ಸಾಲ ಮಾಡುವುದು ಮಾಮೂಲಿ. ನಮ್ಮ 2016ರ ಕಂಪನಿಯ ಹೆಸರಲ್ಲಿ ಒಂದು ಬ್ಯಾಂಕಿನ ₹10 ಕೋಟಿ ಚಾರ್ಜ್ ಇದೆ ಅಂತಿಟ್ಟುಕೊಳ್ಳಿ. ಮೆಸೇಜ್ ಬರೆದವನು ಒಂದು ಕಂಪನಿಯ ರದ್ದತಿಯನ್ನೂ ಇನ್ನೊಂದು ಕಂಪನಿಯ ಸಾಲವನ್ನೂ ಸೇರಿಸಿ ಹೊಲಿದಿದ್ದಾನೆ.

ಆ ಮೊತ್ತ ಬಾಕಿ ಅಲ್ಲ. ಅದು ಎಷ್ಟು ಸಾಲಕ್ಕೆ ಆಸ್ತಿ ಭದ್ರತೆ ಕೊಟ್ಟಿದ್ದಾರೆ ಅನ್ನೋ ಮೊತ್ತ. ಅದರಲ್ಲಿ ಈಗ ಎಷ್ಟು ಉಳಿದಿದೆ, ಕಂತು ತಪ್ಪಿದೆಯಾ ಅನ್ನೋದು ಈ ಪಟ್ಟಿಯಲ್ಲಿ ಇರುವುದಿಲ್ಲ. ತೀರಿಸಿದ ದಿನಾಂಕವಿದ್ದರೆ ಆ ಸಾಲ ಮುಗಿದಿದೆ. ಬಾಕಿಯ ಅಂದಾಜು ಬೇಕಾದರೆ ₹100 ಕಟ್ಟಿ `View Public Documents` ಭಾಗದಲ್ಲಿ ಕಂಪನಿಯ ಕೊನೆಯ ಬ್ಯಾಲೆನ್ಸ್ ಶೀಟ್ ತೆಗೆಯಿರಿ. ಅದೂ ಮಾರ್ಚ್ 31ರ ಲೆಕ್ಕ ಅನ್ನೋದನ್ನು ಸುದ್ದಿಯಲ್ಲಿ ಹೇಳಿ.

ಸಾಲ ಕಟ್ಟದೆ ದಿವಾಳಿ ಪ್ರಕ್ರಿಯೆ ಶುರುವಾಗಿದೆ ಅಂತ ಮೆಸೇಜ್ ಹೇಳಿದರೆ, `ibbi.gov.in` ತಾಣದಲ್ಲಿ ಸಾರ್ವಜನಿಕ ಪ್ರಕಟಣೆ ಇದೆಯಾ ನೋಡಿ. ಎನ್‌ಸಿಎಲ್‌ಟಿ, ಅಂದರೆ ಕಂಪನಿ ವ್ಯಾಜ್ಯಗಳ ನ್ಯಾಯಮಂಡಳಿ, ಅರ್ಜಿ ಒಪ್ಪಿಕೊಂಡ ಮೇಲೆ ಇಂಥ ಪ್ರಕಟಣೆ ಬರಲೇಬೇಕು. ಯಾರೋ ಅರ್ಜಿ ಹಾಕಿದ್ದಾರೆ ಅಂದಷ್ಟಕ್ಕೆ ದಿವಾಳಿ ಅನ್ನುವಂತಿಲ್ಲ.

6. ಗೇಟಿನ ತನಕ ಹೋಗಿ

ಪರದೆ ಮುಂದೆ ಕೂತು ಆಗುವ ಕೆಲಸ ಇಲ್ಲಿಗೆ ಮುಗಿಯಿತು. ಉಳಿದದ್ದು ಬಂದ್ ಮತ್ತು ಪರಾರಿ.

ಗೋದಾಮಿಗೆ ಕೆಲಸದ ಹೊತ್ತಿನಲ್ಲಿ ಹೋಗಿ. ಬೀಗ ಇದ್ದರೆ ಪಕ್ಕದ ಲಾರಿ ಬುಕಿಂಗ್‌ನವರನ್ನು, ಹಮಾಲರನ್ನು ಕೇಳಿ: ಕೊನೆಯ ಲೋಡ್ ಹೋಗಿದ್ದು ಯಾವಾಗ? ಮೆಕ್ಕೆಜೋಳದ ಸುಗ್ಗಿ ಮುಗಿದ ಮೇಲೆ ಗೋದಾಮು ಖಾಲಿ ಹೊಡೆಯುವುದು ಪ್ರತಿ ವರ್ಷದ ಕತೆ. ಬೀಗದ ಫೋಟೊ ಒಂದೇ ಸಾಕ್ಷಿಯಾಗುವುದಿಲ್ಲ. ದಾಖಲೆಯಲ್ಲಿರುವ ನೋಂದಾಯಿತ ಕಚೇರಿಗೆ ಹೋದಾಗ ಅದು ಮನೆಯೋ ಆಡಿಟರ್ ಕಚೇರಿಯೋ ಆಗಿರಬಹುದು. ಅದು ಮಾಮೂಲಿ, ಬೆಚ್ಚಬೇಡಿ.

ಎಪಿಎಂಸಿ ಕಚೇರಿಯಲ್ಲಿ ಈ ಹೆಸರಿಗೆ ವರ್ತಕರ ಲೈಸೆನ್ಸ್ ಇದೆಯಾ, ರೈತರ ದೂರು ಬಂದಿದೆಯಾ ಕೇಳಿ. 'ಲೈಸೆನ್ಸ್ ರದ್ದು' ಅನ್ನೋ ಮಾತಿಗೆ ಏನಾದರೂ ಬೇರು ಇದ್ದರೆ ಅದು ಇಲ್ಲಿ ಇರುವ ಸಾಧ್ಯತೆಯೇ ಜಾಸ್ತಿ. ದುಡ್ಡು ಬಂದಿಲ್ಲ ಅನ್ನುವ ರೈತರು ಸಿಕ್ಕರೆ ಮಾಲು ಕೊಟ್ಟ ದಿನ, ತೂಕ, ಬಾಕಿ ಮೊತ್ತವನ್ನು ಅವರ ಚೀಟಿ ನೋಡಿಯೇ ಬರೆದುಕೊಳ್ಳಿ. "ನಮ್ಮೂರಲ್ಲಿ ಸುಮಾರು ಜನರಿಗೆ ಬಂದಿಲ್ವಂತೆ" ಅನ್ನೋದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪೊಲೀಸರ ಹತ್ತಿರ ಕೇಳಬೇಕಾದ್ದು "ಪರಾರಿ ಆಗಿದ್ದಾರಾ?" ಅಂತಲ್ಲ. ದೂರು ದಾಖಲಾಗಿದೆಯಾ, ಎಫ್‌ಐಆರ್ ಸಂಖ್ಯೆ ಏನು, ದಿನಾಂಕ ಯಾವುದು, ಯಾರ ಮೇಲೆ, ಇಷ್ಟು ಕೇಳಿ. ಸ್ಥಳೀಯ ಠಾಣೆಯ ಜೊತೆಗೆ ಜಿಲ್ಲೆಯ ಸಿಇಎನ್ ಠಾಣೆಯಲ್ಲೂ ವಿಚಾರಿಸಿ. ಆರ್ಥಿಕ ಅಪರಾಧಗಳು ಅಲ್ಲಿಗೆ ಹೋಗುತ್ತವೆ. ಎಫ್‌ಐಆರ್ ಆರೋಪ ಮಾತ್ರ. ಫೋನ್ ಎತ್ತದ ಮಾಲೀಕ ಪರಾರಿಯಾದವನಲ್ಲ.

7. ಕಂಪನಿಯನ್ನೇ ಕೇಳಿ, ಬರಹದಲ್ಲಿ

ಮಾಸ್ಟರ್ ಡೇಟಾದಲ್ಲಿರುವ ಇಮೇಲ್‌ಗೆ ಬರೆಯಿರಿ. ಅದು ಎಷ್ಟೋ ಸಲ ಆಡಿಟರ್‌ದ್ದಾಗಿರುತ್ತದೆ, ಹಾಗಾಗಿ ಬಿಲ್ಲಿನ ಮೇಲಿನ ಫೋನಿಗೂ ಮೆಸೇಜ್ ಹಾಕಿ. "ನಿಮ್ಮ ಮೇಲೆ ಆರೋಪ ಬಂದಿದೆ, ಏನಂತೀರಿ?" ಅಂದರೆ ಉತ್ತರವೂ ಹಾಗೇ ಗಾಳಿಯಲ್ಲಿ ಬರುತ್ತದೆ. ಹೀಗೆ ಕೇಳಿ:

"ಇಂಥ ಸಿಐಎನ್‌ನ ನಿಮ್ಮ ಕಂಪನಿ ಈಗ ಖರೀದಿ ನಡೆಸುತ್ತಿದೆಯೇ? ಮೆಕ್ಕೆಜೋಳ ಕೊಟ್ಟ ರೈತರಿಗೆ ಇವತ್ತಿಗೆ ಎಷ್ಟು ಬಾಕಿ ಇದೆ, ಯಾವ ದಿನಾಂಕದೊಳಗೆ ಕೊಡುತ್ತೀರಿ? ದಾಖಲೆಯಲ್ಲಿರುವ ₹10 ಕೋಟಿ ಬ್ಯಾಂಕ್ ಸಾಲದ ಕಂತುಗಳು ಸರಿಯಾಗಿ ಪಾವತಿಯಾಗುತ್ತಿವೆಯೇ? 2009ರಲ್ಲಿ ನೋಂದಣಿಯಾದ ಈ ಇನ್ನೊಂದು ಕಂಪನಿಗೂ ನಿಮಗೂ ಸಂಬಂಧ ಇದೆಯೇ? ನಾಳೆ ಸಂಜೆ 5ರೊಳಗೆ ತಿಳಿಸಿ."

ಉತ್ತರ ಬಾರದಿದ್ದರೆ, ಕೇಳಿದ್ದೆವು, ಪ್ರಕಟಣೆಯ ಹೊತ್ತಿಗೆ ಉತ್ತರ ಬಂದಿರಲಿಲ್ಲ ಅಂತ ಬರೆಯಿರಿ. 'ಉತ್ತರಿಸಲು ನಿರಾಕರಿಸಿದರು' ಅಂತ ಬರೆಯಬೇಡಿ, ಅದು ಬೇರೆ ವಿಷಯ.

8. ಬರೆಯುವಾಗ

ನಾಲ್ಕು ಸಾಲು ಬರೆದ ಹಾಳೆ ತೆಗೆದು ನೋಡಿ. ಬಂದ್: ಹೋದ ದಿನ ಗೋದಾಮು ಮುಚ್ಚಿತ್ತು, ಇಷ್ಟೇ ಗೊತ್ತು. ರದ್ದು: ಬೇರೆ ಕಂಪನಿಯದ್ದು. 10 ಕೋಟಿ: ಭದ್ರತೆಯ ಮೊತ್ತ, ಬಾಕಿ ಅಲ್ಲ. ಪರಾರಿ: ಆಧಾರ ಸಿಗಲಿಲ್ಲ. ಹೀಗಿದ್ದಾಗ ಸುದ್ದಿ ಹೀಗೆ ಬರಬಹುದು:

"ಮೆಕ್ಕೆಜೋಳ ಖರೀದಿಸುವ ಕಂಪನಿಯೊಂದರ ನೋಂದಣಿ ರದ್ದಾಗಿದೆ ಎಂದು ಹರಿದಾಡುತ್ತಿರುವ ಸಂದೇಶದ ಜೊತೆಗಿನ ದಾಖಲೆ, ಅದೇ ರೀತಿಯ ಹೆಸರಿನ ಬೇರೊಂದು ಕಂಪನಿಗೆ ಸೇರಿದ್ದು. ದಾವಣಗೆರೆಯ ಕಂಪನಿಯ ನೋಂದಣಿ ಚಾಲ್ತಿಯಲ್ಲಿದೆ ಎಂದು ಕಾರ್ಪೊರೇಟ್ ಸಚಿವಾಲಯದ ದಾಖಲೆ ಹೇಳುತ್ತದೆ. ಆದರೆ ತಮಗೆ ಹಣ ಬಂದಿಲ್ಲ ಎಂದು ಮೂವರು ರೈತರು ಬಿಲ್ ತೋರಿಸಿದ್ದಾರೆ."

ನೋಡಿ, ಫಾರ್ವರ್ಡ್ ತಪ್ಪಾಗಿದ್ದರೂ ಸುದ್ದಿ ಇದೆ. ಅದು ಬೇರೆ ಸುದ್ದಿ, ಅಷ್ಟೇ. ಆ ಸಂದೇಶದ ಚಿತ್ರವನ್ನು ಹಾಕಲೇಬೇಕಿದ್ದರೆ ಅದರ ಮೇಲೆ ದೊಡ್ಡದಾಗಿ 'ತಪ್ಪು ದಾಖಲೆ' ಅಂತ ಬರೆದು ಹಾಕಿ. ಇಲ್ಲದಿದ್ದರೆ ನಿಮ್ಮ ಪತ್ರಿಕೆಯ ಹೆಸರಿನ ಜೊತೆ ಅದೇ ಚಿತ್ರ ಮತ್ತೆ ಗ್ರೂಪುಗಳಿಗೆ ಹೊರಡುತ್ತದೆ. ನಿರ್ದೇಶಕರ ಮನೆ ವಿಳಾಸ, ರೈತರ ಪಾಸ್‌ಬುಕ್ ನಂಬರ್ ಮುಚ್ಚಿ.

"ವಾಟ್ಸಾಪ್‌ನಲ್ಲಿ ಬಂದದ್ದನ್ನೇ ಹಾಕಿದ್ದೇವೆ" ಅನ್ನೋದು ಕೋರ್ಟಿನಲ್ಲಿ ನಿಮ್ಮನ್ನು ಉಳಿಸುವುದಿಲ್ಲ. ಮಾನಹಾನಿಯ ಮಾತನ್ನು ಮರುಪ್ರಕಟಿಸಿದವರೂ ಹೊಣೆಗಾರರೇ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356ರ ಕೆಳಗೆ ಬರುತ್ತದೆ. ಕಂಪನಿಯೂ ದೂರು ಕೊಡಬಹುದು.

ಆದ್ದರಿಂದ ನೋಡಿದ ಪ್ರತಿ ಪುಟವನ್ನೂ ಪಿಡಿಎಫ್ ಆಗಿ ಉಳಿಸಿ, ದಿನಾಂಕ ಮತ್ತು ಹೊತ್ತು ಕಾಣುವಂತಿರಲಿ. ಈ ತಾಣಗಳಲ್ಲಿ ನಾಳೆ ಸ್ಥಿತಿ ಬದಲಾದರೆ ನಿನ್ನೆಯದು ಮತ್ತೆ ಸಿಗುವುದಿಲ್ಲ. ಇಮೇಲ್, ಬಿಲ್ಲಿನ ಫೋಟೊ, ಟಿಪ್ಪಣಿ ಎಲ್ಲಾ ಒಂದೇ ಫೋಲ್ಡರಿನಲ್ಲಿ ಕನಿಷ್ಠ ಮೂರು ವರ್ಷ ಇಡಿ. ಕ್ರಿಮಿನಲ್ ಮಾನಹಾನಿ ದೂರಿಗೆ ಕಾಲಮಿತಿ ಅಷ್ಟಿದೆ. ಪುಟ ಕಟ್ಟುವ ಮುನ್ನ ಸಿಐಎನ್ ಹಾಕಿ ಇನ್ನೊಮ್ಮೆ ಸ್ಥಿತಿ ನೋಡಿ, ಸುದ್ದಿಯಲ್ಲಿ "ಇಂಥ ದಿನಾಂಕದಂದು ನೋಡಿದಾಗ" ಅಂತ ಸೇರಿಸಿ.